ಮದುಮಗಳ ಮದರಂಗಿ: ಕೋನ್ ನಾವೇ ಕಲಸಬೇಕು, ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು

ಬ್ಯೂಟಿಷಿಯನ್ ಕೋರ್ಸ್ ಮುಗಿಸಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮನೆಮನೆಗೆ ಹೋಗಿ ಮದುವೆ ಕೆಲಸ ಮಾಡುವವರಿಗೆ ಈ ಬರಹ. ತಿಂಗಳಿಗೆ ಒಂದೆರಡೇ ಮದುವೆ ಸಿಗುತ್ತಿದ್ದರೆ ಅಂಗಡಿಯ ರೆಡಿಮೇಡ್ ಕೋನ್ ತಂದು ಮದುಮಗಳ ಕೈಗೆ ಹಾಕಬೇಡಿ. ಮೇಕಪ್ ಸಂಜೆಗೆ ತೊಳೆದು ಹೋಗುತ್ತದೆ, ಮದರಂಗಿಯನ್ನು ಮಾತ್ರ ನೆಂಟರು ವಾರಗಟ್ಟಲೆ ಕೈ ಹಿಡಿದು ನೋಡುತ್ತಾರೆ.

ಒಂದು ಗಂಟೆಯೊಳಗೆ ಕಪ್ಪಗೆ ಬಣ್ಣ ಬಿಡುವ ಕೋನ್‌ನಲ್ಲಿ ಇರುವುದು ಬರೀ ಮದರಂಗಿ ಸೊಪ್ಪಲ್ಲ. ಕೂದಲ ಡೈಗೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕವನ್ನು ಇಂಥ ಕೋನ್‌ಗಳಿಗೆ ಸೇರಿಸುವುದುಂಟು. ಅದು ಒಗ್ಗದಿದ್ದರೆ ಡಿಸೈನ್ ಇದ್ದ ಗೆರೆಯಲ್ಲೇ ಗುಳ್ಳೆ ಏಳುತ್ತದೆ, ಅದೂ ಕೆಲವೊಮ್ಮೆ ಎರಡು ಮೂರು ದಿನ ಕಳೆದ ಮೇಲೆ, ಅಂದರೆ ಸರಿಯಾಗಿ ಧಾರೆಯ ಹೊತ್ತಿಗೆ. ನಿಜವಾದ ಮದರಂಗಿ ಮೊದಲು ಕಿತ್ತಳೆ ಬಣ್ಣಕ್ಕೆ ಬಂದು, ಒಂದೆರಡು ದಿನದಲ್ಲಿ ಕಡು ಕಂದಾಗುತ್ತದೆ. ಗುರುತು ಹಿಡಿಯಲು ಇಷ್ಟು ಸಾಕು.

ಒಬ್ಬ ಮದುಮಗಳ ಎರಡು ಕೈ, ಎರಡು ಪಾದಕ್ಕೆ 50 ಗ್ರಾಂ ಪುಡಿ ಸಾಕು. ರಾಜಸ್ಥಾನದ ಸೋಜತ್ ಕಡೆಯ, ಕೈಗೆ ಹಾಕುವ ನುಣುಪಾದ ಪುಡಿಯೇ ಆಗಬೇಕು. ತಲೆಗೆ ಹಚ್ಚುವ ತರಿಪುಡಿ ಕೋನ್ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿಗೆ 15 ಮಿಲಿ ನೀಲಗಿರಿ ಎಣ್ಣೆ, ನಾಲ್ಕು ನಿಂಬೆಹಣ್ಣಿನ ರಸ ಹಾಕಿ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಆಗುವಷ್ಟು ನೀರು ಸೇರಿಸಿ ಕಲಸಿ ಮುಚ್ಚಿಡಿ. ಬಣ್ಣ ಬಿಟ್ಟಿದೆಯೇ ಎಂದು ನೋಡಲು ಒಂದು ಚುಕ್ಕೆಯನ್ನು ಅಂಗೈ ಮೇಲಿಟ್ಟು ಐದು ನಿಮಿಷಕ್ಕೆ ಒರೆಸಿ. ಕಿತ್ತಳೆ ಗುರುತು ಉಳಿದರೆ ಸಿದ್ಧ. ಏಪ್ರಿಲ್ ಸೆಕೆಯಲ್ಲಿ ಸಂಜೆ ಕಲಸಿದ್ದು ಬೆಳಗ್ಗೆಗೆ ಆಗುತ್ತದೆ. ಡಿಸೆಂಬರ್ ಚಳಿಯಲ್ಲಿ ಪೂರ್ತಿ ಒಂದು ದಿನ ಬೇಕು. ಆಮೇಲೆ ಸಕ್ಕರೆ ಪುಡಿ ಸುಮಾರು 15 ಗ್ರಾಂ ಹಾಕಿ ಕದಡಿ, ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ, ಕೋನ್ ತುಂಬಿ. ಏಳೆಂಟು ಕೋನ್ ಆಗುತ್ತವೆ.

ಸಕ್ಕರೆಯ ಅಳತೆಯಲ್ಲೇ ಮಲೆನಾಡಿನಲ್ಲಿ ಎಡವುವುದು. ಬಯಲುಸೀಮೆಯ ಅಳತೆ ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಂಡು ಗೆರೆ ಒಣಗದೆ ಅಂಟಂಟಾಗಿ ಹರಡುತ್ತದೆ. ಮಳೆಯಿದ್ದರೆ ಸಕ್ಕರೆ ಅರ್ಧಕ್ಕೆ ಇಳಿಸಿ. ಇನ್ನೊಂದು ಮಾತು, ನೀಲಗಿರಿ ಎಣ್ಣೆಯ ಕೋನ್ ಚಿಕ್ಕ ಮಕ್ಕಳ ಕೈಗೆ ಬೇಡ. ಮದುವೆ ಮನೆಯಲ್ಲಿ ಮಕ್ಕಳೂ ಕೈ ಚಾಚುತ್ತಾರೆ, ಅವರಿಗೆ ಎಣ್ಣೆ ಹಾಕದೆ ಸ್ವಲ್ಪ ಬೇರೆಯೇ ಕಲಸಿಕೊಳ್ಳಿ.

ಈಗ ಒಂದು ಲೆಕ್ಕ ನೋಡೋಣ. ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಭಾನುವಾರ ಬೆಳಗ್ಗೆ 11ಕ್ಕೆ ಮುಹೂರ್ತ ಎಂದಿಟ್ಟುಕೊಳ್ಳಿ. ಕೈಕಾಲಿನ ವ್ಯಾಕ್ಸಿಂಗ್ ಬುಧವಾರವೇ ಮುಗಿಯಬೇಕು. ಮದರಂಗಿ ಹಾಕಿದ ಮೇಲೆ ವ್ಯಾಕ್ಸ್ ಮಾಡಿದರೆ ಬಣ್ಣ ಹಿಡಿದ ಮೇಲ್ಪದರದ ಚರ್ಮವೇ ಎದ್ದು ಬರುತ್ತದೆ. ಬುಧವಾರ ರಾತ್ರಿ ಕಲಸಿ, ಗುರುವಾರ ರಾತ್ರಿ ಕೋನ್ ತುಂಬಿ ಫ್ರಿಜ್‌ನಲ್ಲಿಡಿ. ಶುಕ್ರವಾರ ಮಧ್ಯಾಹ್ನ 3ಕ್ಕೆ ಕೂರಿಸಿ. ಕೈಯನ್ನು ಸೋಪು ಹಾಕಿ ತೊಳೆಸಿ, ಕ್ರೀಮ್, ಎಣ್ಣೆ ಏನೂ ಇರಬಾರದು. ಮೊದಲು ಮದುಮಗಳು, ಆಮೇಲೆ ಅತ್ತಿಗೆ ನಾದಿನಿಯರು. ನೆಂಟರ ಕೈಗೆ ಎಷ್ಟೆಂದು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಮಾತಾಡಿರಿ, ಹೋಗಿಬರುವ ಖರ್ಚು ಬೇರೆ.

ಕೈ ತಣ್ಣಗಿದ್ದರೆ ಬಣ್ಣ ಏರುವುದಿಲ್ಲ. ಬಚ್ಚಲ ಒಲೆ ಇರುವ ಮನೆಯಾದರೆ ಅವಳನ್ನು ಅದರ ಹತ್ತಿರ, ಬಿಸಿ ಹಿತವಾಗಿ ತಾಗುವಷ್ಟು ದೂರದಲ್ಲಿ ಕೂರಿಸಿ. ತೀರಾ ಹತ್ತಿರವಾದರೆ ಒಣಗಿ ಉದುರುತ್ತದೆ. ಒಣಗಿದ ಮೇಲೆ ನಿಂಬೆರಸ-ಸಕ್ಕರೆಯನ್ನು ಹತ್ತಿಯಿಂದ ಒಂದೆರಡು ಸಲ ಮೆಲ್ಲಗೆ ಒತ್ತಿ, ಸುರಿಸಬೇಡಿ. ಸುರಿದರೆ ಹಸಿರು ನೀರು ಇಳಿದು ಬಿಳಿ ಜಾಗವೂ ಕೆಂಪಾಗುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟು, ಶನಿವಾರ ಬೆಳಗ್ಗೆ ಮೊಂಡು ಚಾಕುವಿನ ಬೆನ್ನಿಂದ ಕೆರೆದು ಕೊಬ್ಬರಿ ಎಣ್ಣೆ ಸವರಲು ಹೇಳಿ. ಸಂಜೆವರೆಗೆ ನೀರು ಬೇಡ.

ಶನಿವಾರ ಬೆಳಗ್ಗೆ ಫೋನ್ ಬರುತ್ತದೆ, "ಏನಮ್ಮಾ, ಬಣ್ಣವೇ ಬಂದಿಲ್ಲ, ಬರೀ ಕಿತ್ತಳೆ" ಎಂದು. ಇದನ್ನು ಶುಕ್ರವಾರವೇ ಅವಳ ತಾಯಿಗೆ ಹೇಳಿ ಬಂದಿರಬೇಕು. ಇಲ್ಲದಿದ್ದರೆ ಗಾಬರಿಯಲ್ಲಿ ಅಂಗಡಿ ಕೋನ್ ತಂದು ಮೇಲೆ ಹಚ್ಚಿಬಿಡುತ್ತಾರೆ. ಶನಿವಾರ ಸಂಜೆ ಅರಿಶಿನ ಶಾಸ್ತ್ರವಿದ್ದರೆ ಅದಕ್ಕೆ ಮೊದಲು ಅಂಗೈ, ಮುಂಗೈ, ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳಲಿ. ಭಾನುವಾರದ ಸ್ನಾನದಲ್ಲಿ ಕಡಲೆಹಿಟ್ಟು, ಸೀಗೆಪುಡಿ ಹಾಕಿ ಕೈ ಉಜ್ಜಬಾರದು, ತಲೆಗೆ ಬೇರೆಯವರು ನೀರು ಹಾಕಲಿ. ನೀವು ಸೆರಗು ಪಿನ್ ಮಾಡಲು ಹೋಗುವ ಹೊತ್ತಿಗೆ ಅಂಗೈ ಕಡು ಕಂದಾಗಿರುತ್ತದೆ. ಮುಂಗೈ ಮತ್ತು ತೋಳಿನ ಕಡೆ ಯಾವಾಗಲೂ ಒಂದು ಛಾಯೆ ತಿಳಿಯೇ, ಅಲ್ಲಿ ಚರ್ಮ ತೆಳು.

ಉಳಿದ ಕೋನ್‌ಗಳು ಹೊರಗಿದ್ದರೆ ಎರಡು ಮೂರು ದಿನದಲ್ಲಿ ಸತ್ತು ಹೋಗುತ್ತವೆ, ಆದ್ದರಿಂದ ಬಳಸದ ಕೋನ್‌ಗಳನ್ನು ತಕ್ಷಣ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ಗಿಡಿ. ಮುಂದಿನ ತಿಂಗಳ ಮದುವೆಗೆ ಬರುತ್ತವೆ. ಡಬ್ಬಿಯ ಮೇಲೆ ಕಲಸಿದ ತಾರೀಕು ಬರೆಯಿರಿ, ಕರೆಂಟ್ ಹೋಗಿ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಮದುಮಗಳ ಕೈಗೆ ಹಾಕಬೇಡಿ.