ಹಲ್ಲಿ ಕಳಚಿಟ್ಟ ಬಾಲ

ಕಳೆದ ವಾರ ನಮ್ಮ ಮನೆಯ ಬೆಕ್ಕು ಅಡುಗೆಮನೆಯ ಗೋಡೆಯ ಬುಡದಲ್ಲಿದ್ದ ಹಲ್ಲಿಯ ಮೇಲೆ ಎರಗಿತು. ನಾನು ಓಡಿ ಬರುವಷ್ಟರಲ್ಲಿ ಬೆಕ್ಕಿನ ಮುಂದೆ ಉಳಿದಿದ್ದದ್ದು ಬಾಲ ಮಾತ್ರ. ಅದು ಬಿಲ್ಲಿನಂತೆ ಬಾಗಿ, ನೆಟ್ಟಗಾಗಿ, ಇದ್ದಕ್ಕಿದ್ದಂತೆ ಮಗುಚಿ ಬೀಳುತ್ತಿತ್ತು. ಬೆಕ್ಕು ಅದರ ಮೇಲೆ ಪಂಜಾ ಇಟ್ಟು, ಎತ್ತಿ, ಮತ್ತೆ ಒತ್ತುತ್ತ ಅದರಲ್ಲೇ ಮುಳುಗಿಹೋಗಿತ್ತು. ಹಲ್ಲಿ ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿಕೊಂಡಿತ್ತು. "ಪಾಪ, ಬಾಲ ಕಿತ್ತುಬಂತು" ಎಂದು ಮನೆಯವರು ಮರುಗಿದರು. ಆ ಮಾತನ್ನು ಒಪ್ಪಲು ನನಗೆ ಆಗುವುದಿಲ್ಲ. ಬಾಲ ಕಿತ್ತುಬಂದಿರಲಿಲ್ಲ, ಹಲ್ಲಿಯೇ ಅದನ್ನು ಕಳಚಿಕೊಂಡಿತ್ತು.

ಮನೆಹಲ್ಲಿಯ ಬಾಲ ತುಂಡಾಗುವುದು ಎರಡು ಮೂಳೆಗಳ ನಡುವಿನ ಕೀಲಿನಲ್ಲಿ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ತುಂಡಾಗುವುದು ಒಂದು ಕಶೇರುಮೂಳೆಯ ನಟ್ಟನಡುವೆ. ಬುಡದ ಕೆಲವು ಮೂಳೆಗಳನ್ನು ಬಿಟ್ಟರೆ ಬಾಲದ ಹೆಚ್ಚಿನ ಮೂಳೆಗಳಲ್ಲಿ ಹುಟ್ಟಿನಿಂದಲೇ ಒಂದು ದುರ್ಬಲ ಗೆರೆಯಿರುತ್ತದೆ. ಅದರ ನೇರಕ್ಕೆ ಸ್ನಾಯು, ಕೊಬ್ಬು, ಚರ್ಮ ಎಲ್ಲವೂ ಬೇರೆಯಾಗಲು ಅನುವಾಗುವಂತೆ ಜೋಡಣೆಗೊಂಡಿರುತ್ತವೆ. ಅಪಾಯ ಬಂದಾಗ ಹಲ್ಲಿ ಆ ಭಾಗದ ಸ್ನಾಯುಗಳನ್ನು ಬಲವಾಗಿ ಹಿಂಡಿ, ಬಾಲವನ್ನು ಬಾಗಿಸಿ, ಗೆರೆಯನ್ನು ಬಿರಿಯುವಂತೆ ಮಾಡುತ್ತದೆ. ಒಂದು ತುಂಡಿನ ಸ್ನಾಯುಗಳು ಇನ್ನೊಂದರ ತೋಡುಗಳೊಳಗೆ ಬೆರಳುಗಳಂತೆ ಕೂತಿರುವುದರಿಂದ ಅವು ಹರಿಯದೆ ಜಾರಿ ಹೊರಬರುತ್ತವೆ. ತುಂಡಾದ ಕೂಡಲೇ ರಕ್ತನಾಳದ ಬಾಯಿಯನ್ನು ಅಲ್ಲಿನ ಉಂಗುರದಂಥ ಸ್ನಾಯು ಬಿಗಿದು ಮುಚ್ಚುತ್ತದೆ. ನಮ್ಮ ಅಡುಗೆಮನೆಯ ನೆಲದ ಮೇಲೆ ರಕ್ತ ಕಾಣದೆ ಇದ್ದುದಕ್ಕೆ ಇದೇ ಕಾರಣ.

ಇನ್ನು ಬಿದ್ದ ಬಾಲದ ಕುಣಿತ. ಅದನ್ನು "ಜೀವ ಇನ್ನೂ ಹೋಗಿಲ್ಲ" ಎಂದು ವಿವರಿಸಿದರೆ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ. ತುಂಡಾದ ಬಾಲದೊಳಗೂ ಬೆನ್ನುಹುರಿಯ ಒಂದು ಭಾಗವಿರುತ್ತದೆ, ಮತ್ತು ಮಿದುಳಿನ ಅಪ್ಪಣೆಯಿಲ್ಲದೆ ಸ್ನಾಯುಗಳನ್ನು ಆಡಿಸುವ ನರಜಾಲ ಅದರಲ್ಲೇ ಇರುತ್ತದೆ. 2009ರಲ್ಲಿ ಹೈಯಮ್ ಮತ್ತು ರಸೆಲ್ ಎಂಬ ಸಂಶೋಧಕರು ಚಿರತೆ ಹಲ್ಲಿಯ ಬಾಲದ ಸ್ನಾಯುಗಳಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನು ಅಳೆದು ನೋಡಿದರು. ಬಾಲ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಲಯಬದ್ಧವಾಗಿ ತೂಗುತ್ತಿತ್ತು. ನಡುನಡುವೆ, ಯಾವಾಗ ಎಂದು ಊಹಿಸಲಾಗದಂತೆ, 3 ಸೆಂಟಿಮೀಟರ್ ಎತ್ತರದವರೆಗೂ ನೆಗೆಯುತ್ತಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಿರುವುದು ಈ ಊಹೆಗೆ ಸಿಗದ ಚಲನೆಯಲ್ಲಿ. ಒಂದೇ ತೆರನಾಗಿ ಅಲುಗುವ ವಸ್ತುವನ್ನು ಬೆಕ್ಕು ಬೇಗ ಒತ್ತಿಹಿಡಿಯುತ್ತದೆ. ಯಾವ ಕ್ಷಣದಲ್ಲಿ ಯಾವ ದಿಕ್ಕಿಗೆ ಹಾರುವುದೋ ತಿಳಿಯದ ವಸ್ತುವಿನಿಂದ ಕಣ್ಣು ಕೀಳುವುದು ಅದಕ್ಕೆ ಕಷ್ಟ.

ಕುಣಿತದಿಂದ ನಿಜಕ್ಕೂ ಉಪಯೋಗವಿದೆಯೇ ಎಂಬುದನ್ನು ಡಯಲ್ ಮತ್ತು ಫಿಟ್ಜ್‌ಪ್ಯಾಟ್ರಿಕ್ 1983ರಲ್ಲೇ ಪರೀಕ್ಷಿಸಿದ್ದರು. ಅಮೆರಿಕದ ಒಂದು ಪುಟ್ಟ ಹಾವುರಾಣಿಯನ್ನು ಅವರು ಬೆಕ್ಕುಗಳ ಮುಂದೆ ಎರಡು ಬಗೆಯಲ್ಲಿ ಇಟ್ಟರು: ಒಮ್ಮೆ ಆಗಷ್ಟೇ ಕಳಚಿ ಕುಣಿಯುತ್ತಿರುವ ಬಾಲದೊಂದಿಗೆ, ಇನ್ನೊಮ್ಮೆ ಕುಣಿದು ದಣಿದು ಸುಮ್ಮನಾದ ಬಾಲದೊಂದಿಗೆ. ಬಾಲ ಕುಣಿಯುತ್ತಿದ್ದಾಗ ಬೆಕ್ಕುಗಳು ಅದರತ್ತ ತಿರುಗಿದವು, ಹಾವುರಾಣಿ ಪಾರಾಯಿತು. ಬಾಲ ಸುಮ್ಮನಿದ್ದಾಗ ಆ ರಕ್ಷಣೆ ಸಿಗಲಿಲ್ಲ. ಹಾವಿನ ವಿಷಯದಲ್ಲಿ ಲಾಭ ಬೇರೆ ಬಗೆಯದು. ಒದ್ದಾಡುವ ಬಾಲವನ್ನು ಬಾಯೊಳಗೆ ಹದಕ್ಕೆ ತಂದು ನುಂಗಲು ಹಾವಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ, ಆ ಹೊತ್ತು ಹಲ್ಲಿಗೆ ಸಿಗುತ್ತದೆ. ರಕ್ತದ ಹರಿವು ನಿಂತ ಬಾಲಕ್ಕೆ ಆಮ್ಲಜನಕ ಒದಗುವುದಿಲ್ಲವಾದ್ದರಿಂದ, ಅದು ತನ್ನೊಳಗಿನ ಸಂಗ್ರಹವನ್ನು ಆಮ್ಲಜನಕವಿಲ್ಲದೆಯೇ ಉರಿಸಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತ ಕೆಲವು ನಿಮಿಷಗಳಲ್ಲಿ ನಿಧಾನವಾಗುತ್ತದೆ.

ಹೀಗಿದ್ದರೂ ಇದು ಹಲ್ಲಿಗೆ ಅಗ್ಗದ ಉಪಾಯವಲ್ಲ. ಬಾಲವೆಂದರೆ ಅದರ ಕೊಬ್ಬಿನ ಉಗ್ರಾಣ. ಅದನ್ನು ಕಳೆದುಕೊಂಡ ಹಲ್ಲಿ ಬೆಳವಣಿಗೆಗೆ, ಮೊಟ್ಟೆಗೆ ಇಟ್ಟುಕೊಂಡದ್ದನ್ನು ಹೊಸ ಬಾಲಕ್ಕೆ ಸುರಿಯಬೇಕಾಗುತ್ತದೆ. ಆದ್ದರಿಂದ ಮಕ್ಕಳು ತಮಾಷೆಗೆಂದು ಪೊರಕೆಯಿಂದ ಹಲ್ಲಿಯ ಬಾಲ ಒತ್ತಿ ಬೀಳಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಎಲ್ಲ ಸರೀಸೃಪಗಳಿಗೂ ಈ ದಾರಿಯಿಲ್ಲ ಎಂಬುದನ್ನೂ ಹೇಳಬೇಕು: ಉಡ ತನ್ನ ಬಾಲವನ್ನು ಚಾಟಿಯಂತೆ ಬೀಸುತ್ತದೆ, ಗೋಸುಂಬೆ ಅದರಿಂದ ಕೊಂಬೆ ಹಿಡಿಯುತ್ತದೆ, ಎರಡೂ ಅದನ್ನು ಕಳಚುವುದಿಲ್ಲ.

ನಮ್ಮ ಹಲ್ಲಿ ಈಗ ರಾತ್ರಿ ಟ್ಯೂಬ್‌ಲೈಟಿನ ಬಳಿ ಮೊಂಡು ಬಾಲದೊಂದಿಗೆ ಬರುತ್ತಿದೆ. ಹೊಸ ಬಾಲ ಬೆಳೆಯುತ್ತದೆ, ಆದರೆ ಅದರೊಳಗೆ ಮೂಳೆಗಳ ಸಾಲಿನ ಬದಲು ಮೃದ್ವಸ್ಥಿಯ ಒಂದೇ ಕೊಳವೆಯಿರುತ್ತದೆ, ಹಳೆಯ ಬಾಲದ ಮೇಲಿದ್ದ ಸಣ್ಣ ಮುಳ್ಳುಗಳಂಥ ಉಬ್ಬುಗಳ ಸಾಲು ಇರುವುದಿಲ್ಲ. ಆ ಕೊಳವೆಯಲ್ಲಿ ಬಿರಿಯುವ ಗೆರೆಗಳೂ ಇರುವುದಿಲ್ಲ. ಬೆಕ್ಕು ಮತ್ತೊಮ್ಮೆ ಎರಗಿದರೆ ಅದು ಹಳೆಯ ಗಾಯಕ್ಕಿಂತ ಮೇಲೆ, ಬುಡದ ಕಡೆ ಉಳಿದಿರುವ ಮೂಳೆಗಳಲ್ಲೊಂದರಲ್ಲಿ ಬಾಲ ಬಿಡಬೇಕು.