ಆ್ಯಂಟಿಬಾಡಿ ಬಂದಿದ್ದು ಲಸಿಕೆಯಿಂದಲೋ, ಹಳೆಯ ಸೋಂಕಿನಿಂದಲೋ?

“ಎಚ್‌ಬಿಎಸ್‌ಎಜಿ ನೆಗೆಟಿವ್, ಆ್ಯಂಟಿ-ಎಚ್‌ಬಿಎಸ್ 240. ಲಸಿಕೆ ಹಾಕಿಸಿಕೊಂಡ ನೆನಪಿಲ್ಲ. ನನಗೆ ಹೆಪಟೈಟಿಸ್ ಬಿ ಇದೆಯಾ?”

ಈ ರಿಪೋರ್ಟ್ ಪ್ರಕಾರ ಈಗ ಸೋಂಕಿಲ್ಲ, ಧೈರ್ಯವಾಗಿರಿ. ಎಚ್‌ಬಿಎಸ್‌ಎಜಿ ಅಂದರೆ ವೈರಸ್ಸಿನ ಹೊರಕವಚದ ಪ್ರೋಟೀನು. ಅದು ಪಾಸಿಟಿವ್ ಬಂದು, 6 ತಿಂಗಳು ಕಳೆದರೂ ಹೋಗದಿದ್ದರೆ ಸೋಂಕು ದೀರ್ಘಕಾಲದ್ದು ಎಂದರ್ಥ. ನಿಮ್ಮಲ್ಲಿ ಇರುವುದು ಆ ಪ್ರೋಟೀನಿನ ವಿರುದ್ಧ ದೇಹ ತಯಾರಿಸಿದ ಆ್ಯಂಟಿಬಾಡಿ. ಅದು 10 ಇದ್ದರೂ ರಕ್ಷಣೆ ಇದೆ ಎಂದೇ ಲೆಕ್ಕ, ನಿಮ್ಮದು 240.

ಆದರೆ ಅದು ಬಂದಿದ್ದೆಲ್ಲಿಂದ ಎಂದು ಈ ಎರಡು ಟೆಸ್ಟ್ ಹೇಳುವುದಿಲ್ಲ. ಅದಕ್ಕೆ ಆ್ಯಂಟಿ-ಎಚ್‌ಬಿಸಿ ಟೋಟಲ್ ಮಾಡಿಸಿ, ಅದು ವೈರಸ್ಸಿನ ಒಳತಿರುಳಿನ ಪ್ರೋಟೀನಿನ ವಿರುದ್ಧದ ಆ್ಯಂಟಿಬಾಡಿ ಹುಡುಕುವ ಟೆಸ್ಟ್. ಲಸಿಕೆಯಲ್ಲಿರುವುದು ಹೊರಕವಚದ ಪ್ರೋಟೀನು ಮಾತ್ರ, ಒಳತಿರುಳಿನದು ಇರುವುದೇ ಇಲ್ಲ. ಹಾಗಾಗಿ ಈ ಟೆಸ್ಟ್ ನೆಗೆಟಿವ್ ಬಂದರೆ ನಿಮಗೆ ಎಂದೋ ಲಸಿಕೆ ಆಗಿದೆ, ನೆನಪಿಲ್ಲ ಅಷ್ಟೆ. ಪಾಸಿಟಿವ್ ಬಂದರೆ ನಿಜವಾದ ವೈರಸ್ ಒಮ್ಮೆ ಬಂದು ಹೋಗಿದೆ. ಎಷ್ಟೋ ಜನರಿಗೆ ಕಾಮಾಲೆಯ ಲಕ್ಷಣವೇ ಕಾಣದೆ ಅದು ವಾಸಿಯಾಗಿರುತ್ತದೆ.

ವಾಸಿಯಾದವರ ಯಕೃತ್ತಿನ ಜೀವಕೋಶಗಳಲ್ಲೂ ವೈರಸ್ಸಿನ ಡಿಎನ್‌ಎ ಸುಪ್ತವಾಗಿ ಉಳಿದಿರುತ್ತದೆ. ಮುಂದೆ ಕೀಮೋಥೆರಪಿಯೋ ರಿಟುಕ್ಸಿಮ್ಯಾಬ್‌ನಂಥ ಔಷಧವೋ ಬೇಕಾದರೆ ರೋಗನಿರೋಧಕ ಶಕ್ತಿ ಕುಗ್ಗಿ ಅದು ಮತ್ತೆ ಎದ್ದೇಳಬಹುದು. ಆಗ ವೈದ್ಯರು ಮೊದಲೇ ವೈರಸ್ ತಡೆಯುವ ಮಾತ್ರೆ ಶುರು ಮಾಡುತ್ತಾರೆ. ಪಾಸಿಟಿವ್ ಬಂದರೆ ಆ ರಿಪೋರ್ಟನ್ನು ದಯವಿಟ್ಟು ಎಸೆಯಬೇಡಿ.

ಇನ್ನೊಂದು ಮಾತು: ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಿದರೆ, ಲಸಿಕೆಯ ಪ್ರೋಟೀನೇ ಸಿಕ್ಕಿ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಹಾಗಾದವರು ಒಂದು ತಿಂಗಳು ಬಿಟ್ಟು ಮತ್ತೆ ಮಾಡಿಸಿ.