ಹಾಯ್ ಗ್ರಾಹಕರೇ, ಸದರಿ ಕರೆಂಟ್ ಹೋಗಲಾಗುವುದು!

ವಿದ್ಯುತ್ ಕಂಪನಿಯೊಂದು ಗ್ರಾಹಕರ ಜತೆ ಯಾವ ಧಾಟಿಯಲ್ಲಿ ಮಾತಾಡಬೇಕೆಂದು ಸಿಬ್ಬಂದಿಗೆ ಕೈಪಿಡಿ ಹಂಚಿದೆ ಎಂದುಕೊಳ್ಳಿ. 3ನೇ ನಿಯಮ: ಪಕ್ಕದ ಮನೆಯವರಂತೆ ಮಾತಾಡಿ. 11ನೇ ನಿಯಮ: ಸಂಸ್ಥೆಯ ಘನತೆ ಕಾಪಾಡಿ. ಪಾಲಿಸಲೇಬೇಕಾದ ಗುಮಾಸ್ತರು ಎರಡನ್ನೂ ಬೆರೆಸುತ್ತಾರೆ: ‘ಹಾಯ್ ಸ್ನೇಹಿತರೇ! ಸದರಿ ಪ್ರದೇಶದಲ್ಲಿ ವಿದ್ಯುತ್ ವ್ಯತ್ಯಯ ಉಂಟಾಗಲಿದ್ದು, ಸಹಕರಿಸಲು ಕೋರಲಾಗಿದೆ 😊’. ಕರೆಂಟ್ ಹೋದಾಗ ಸಹಕರಿಸುವುದು ಹೇಗೆಂದು ಮಾತ್ರ ಕೈಪಿಡಿಯ ಯಾವ ಪುಟದಲ್ಲೂ ಇಲ್ಲ.

ಇದರ ರಿಪೇರಿಗೆ ಹೊಸ ನಿಯಮ ಬೇಕಿಲ್ಲ. 3 ಮತ್ತು 11 ಕಚ್ಚಾಡುವುದು ಎರಡನ್ನೂ ‘ಯಾವಾಗಲೂ’ ಎಂದು ಬರೆದಿರುವುದರಿಂದ. ಪ್ರತಿ ನಿಯಮದ ಮುಂದೆ ಸಂದರ್ಭ ಬರೆದುಬಿಡಿ. ಹೊಸ ಸಂಪರ್ಕ ಸಿಕ್ಕವರಿಗೆ ಸಲಿಗೆ ಇರಲಿ. ಅವಘಡ, ಬಾಕಿ, ಸಂಪರ್ಕ ಕಡಿತಕ್ಕೆ ನಗುಮುಖ ಬೇಡ. ‘ನೀವು’ ಎಂಬ ಬಹುವಚನ ಮಾತ್ರ ಎಲ್ಲ ಕಡೆಯೂ ಇರಲಿ. ಆಮೇಲೂ ಜಗಳ ಉಳಿದರೆ ಯಾರು ಗೆಲ್ಲಬೇಕೆಂದು ಒಂದು ಸಾಲು ಸಾಕು: ಮೊದಲು ಮಾಹಿತಿ, ಆಮೇಲೆ ಮರ್ಯಾದೆ, ಕೊನೆಗೆ ಸಲಿಗೆ.

ನಿಜವಾದ ತಮಾಷೆ ಕೈಪಿಡಿಯ ಉದಾಹರಣೆಗಳದ್ದು. ‘ತಪ್ಪು’ ಕಾಲಂನಲ್ಲಿ ಕರೆಂಟ್ ಹೋಗುವ ಸುದ್ದಿ, ‘ಸರಿ’ ಕಾಲಂನಲ್ಲಿ ಬಿಲ್ ಕಟ್ಟಿದ್ದಕ್ಕೆ ಧನ್ಯವಾದ! ಬದಲಾದದ್ದು ಧಾಟಿಯೋ, ಗ್ರಾಹಕರ ಅದೃಷ್ಟವೋ? ಎರಡೂ ಕಡೆ ಒಂದೇ ಸುದ್ದಿ, ಅದೇ ಊರು, ಅದೇ ಹೊತ್ತು ಇರಬೇಕು.

ಮೊದಲು: ‘ನಾಳೆ 10ರಿಂದ 2 ಗಂಟೆಯವರೆಗೆ ತಂತಿ ಬದಲಾವಣೆ ಕಾಮಗಾರಿ ಪ್ರಯುಕ್ತ ವಿಜಯನಗರದಲ್ಲಿ ವಿದ್ಯುತ್ ವ್ಯತ್ಯಯ ಉಂಟಾಗಲಿದ್ದು, ಗ್ರಾಹಕರು ಸಹಕರಿಸಲು ಕೋರಲಾಗಿದೆ. ದೂರಿಗೆ 1912.’

ನಂತರ: ‘ನಾಳೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ವಿಜಯನಗರದಲ್ಲಿ ಕರೆಂಟ್ ಇರುವುದಿಲ್ಲ. ತಂತಿ ಬದಲಾಯಿಸುತ್ತಿದ್ದೇವೆ. ದೂರಿಗೆ 1912.’

ಪಕ್ಕದಲ್ಲೇ ಕಾರಣ ಬರೆಯಿರಿ: ‘ಉಂಟಾಗಲಿದ್ದು’ ಹೋಗಿ ಕೆಲಸ ಮಾಡುವವರು ಯಾರೆಂದು ಕಾಣಿಸಿತು, ‘ಸಹಕರಿಸಲು ಕೋರಲಾಗಿದೆ’ ಹೋಯಿತು. ಕಾರಣವಿಲ್ಲದ ಉದಾಹರಣೆ ನೋಡಿದವರು ‘ಕರೆಂಟ್’ ಎಂಬ ಪದವನ್ನಷ್ಟೇ ಕಲಿತು, ಕೋರಿಕೆಯನ್ನು ಮುಂದುವರಿಸುತ್ತಾರೆ.

7ನೇ ನಿಯಮ ‘ಒಂದೇ ಎಸ್‌ಎಂಎಸ್‌ನಲ್ಲಿ ಮುಗಿಸಿ’ ಅನ್ನುತ್ತದೆ, 8ನೆಯದು ‘ಕಾರಣ, ಕ್ಷಮೆ, ಧನ್ಯವಾದ ಎಲ್ಲವನ್ನೂ ಹೇಳಿ’ ಅನ್ನುತ್ತದೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70. ಅದರಲ್ಲೂ ಗುಣಿತ, ಒತ್ತುಗಳ ಲೆಕ್ಕ ಬೇರೆ. ‘ಲ್ಲಿ’ ಒಂದಕ್ಕೇ ನಾಲ್ಕು ಹೋಗುತ್ತವೆ. 70 ದಾಟಿದರೆ ಪ್ರತಿ ತುಂಡಿಗೆ 67. ಮೇಲಿನ ‘ನಂತರ’ ಎರಡು ತುಂಡಿನಲ್ಲಿ ಹಿಡಿಯುತ್ತದೆ. ಹಾಗಾಗಿ 7ನೇ ನಿಯಮದಲ್ಲಿ ‘ಒಂದೇ ಎಸ್‌ಎಂಎಸ್’ ಬದಲು ಎರಡು ತುಂಡು, ಅಂದರೆ 134 ಅಕ್ಷರ ಎಂದೇ ನಮೂದಿಸಿ, 8ನೇ ನಿಯಮದಲ್ಲಿ ಕಾರಣವನ್ನು ಮಾತ್ರ ಉಳಿಸಿ.

ಕೈಪಿಡಿಯ ಪರೀಕ್ಷೆ ಸುಲಭ. ಬೇರೆ ಬೇರೆ ವಿಭಾಗದ ಇಬ್ಬರಿಗೂ ಐದು ಸುದ್ದಿಗಳ ಒಂದೇ ಪಟ್ಟಿ ಕೊಟ್ಟು, ಮಾತಾಡಿಕೊಳ್ಳದೆ ಬರೆಯಲು ಹೇಳಿ. ಒಬ್ಬರು ‘ಮಾನ್ಯರೇ’, ಇನ್ನೊಬ್ಬರು ‘ಹಾಯ್’ ಎಂದರೆ ಮೆಮೊ ಹೋಗಬೇಕಾದದ್ದು ಕೈಪಿಡಿಗೆ. ತಿದ್ದಿದ ಮೇಲೆ ಎಸ್‌ಎಂಎಸ್ ಮಾದರಿಗಳನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮತ್ತೆ ನೋಂದಾಯಿಸಲು ಮರೆಯಬೇಡಿ. ಇಲ್ಲದಿದ್ದರೆ ಕೈಪಿಡಿಯಲ್ಲಿ ಹೊಸ ಧಾಟಿ, ಗ್ರಾಹಕರ ಫೋನಿನಲ್ಲಿ ಅದೇ ‘ಕೋರಲಾಗಿದೆ’.